ಗೆದ್ದ ಶಿಷ್ಯೆಗೆ ಮೇಷ್ಟ್ರ ಕಾಗದ

ತಿಪಟೂರು
2-1-2021

ಚಿ. ಸೌ. ಸಾವಿತ್ರಿಗೆ ನಿನ್ನ ಮೇಷ್ಟ್ರು ಮಾಡುವ ಆಶೀರ್ವಾದಗಳು.

ಬುಧವಾರ ರಾತ್ರಿ ಹತ್ತೂವರೆಗೆ ನಿನ್ನ ತಮ್ಮ ಫೋನ್ ಮಾಡಿ, "ಮೇಷ್ಟ್ರೇ, ಪಂಚಾಯ್ತಿ ಎಲೆಕ್ಷನ್‌ನಲ್ಲಿ ಅಕ್ಕ ಗೆದ್ಲು, ಹನ್ನೊಂದು ವೋಟಲ್ಲಿ" ಅಂದ. ಊಟ ಮುಗಿಸಿ ಮಲಗಿದ್ದವನು ಎದ್ದು ಕೂತೆ. ನಮ್ಮ ಮನೆಯವರಿಗೆ ಹೇಳಿದರೆ ಅವರು ದೇವರ ಮುಂದೆ ದೀಪ ಹಚ್ಚಿದರು. ನಮ್ಮಿಬ್ಬರ ಮನಸಾರೆ ಅಭಿನಂದನೆ ಮಗಳೇ.

ಬೆಳಗಿನ ಪ್ರಾರ್ಥನೆಯಲ್ಲಿ ನೀನು ಪೇಪರ್ ಓದುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ಸಾಲಿನ ಹುಡುಗರಿಗೂ ಕೇಳುವ ಹಾಗೆ, ಒಂದಕ್ಷರ ನುಂಗದೆ ಓದುತ್ತಿದ್ದೆ. ಈಗ ನಿನ್ನಿಂದ ಬಯಸುವುದೂ ಅದನ್ನೇ. ಪಂಚಾಯ್ತಿ ಸಭೆಯಲ್ಲಿ ನಡಾವಳಿ ಪುಸ್ತಕ ಮುಂದೆ ಬಂದಾಗ ಪೂರ್ತಿ ಓದಿಯೇ ಸಹಿ ಹಾಕು. ಎಷ್ಟೇ ಅವಸರ ಮಾಡಿದರೂ ಓದು. ಅರ್ಥವಾಗದ್ದನ್ನು ಪಿಡಿಒ ಅವರನ್ನು ಕೇಳು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಕಾಯ್ದೆಯಲ್ಲೇ ಇದೆ. ನಮ್ಮೂರಲ್ಲಿ ಅದು ಪುಸ್ತಕದಲ್ಲಿ ಮಾತ್ರ ನಡೆದದ್ದನ್ನು ಕಂಡಿದ್ದೇನೆ. ನೀನು ನಿಜವಾಗಿ ಸೇರಿಸು. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಗೆ ಹೋದ ಹೆಂಗಸರು ಬರುವುದಾದರೂ ಹೇಗೆ? ಸಂಜೆ ಅರಳಿಕಟ್ಟೆ ಹತ್ತಿರ ಕರಿ. ಯಾವ ಕೆಲಸಕ್ಕೆ ಎಷ್ಟು ಹಣ ಬಂತು, ಎಷ್ಟು ಖರ್ಚಾಯ್ತು ಅನ್ನುವುದನ್ನು ನಿನ್ನ ಆ ದನಿಯಲ್ಲೇ ಓದಿ ಹೇಳು.

ಕಾಲೋನಿಯ ಕೊನೇ ಮನೆಗಳಿಗೆ ನಲ್ಲಿ ನೀರು ಇನ್ನೂ ಹತ್ತುವುದಿಲ್ಲವಂತೆ. ಎಂಬತ್ತರ ದಶಕದಲ್ಲಿ ಮಂತ್ರಿಯಾಗಿದ್ದ ನಜೀರ್ ಸಾಬರು ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿದರು, ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. ನಿನ್ನ ಕೈಯಲ್ಲಿ ಅಷ್ಟು ದೊಡ್ಡ ಅಧಿಕಾರವಿಲ್ಲ. ಆದರೂ ವಾಟರ್‌ಮ್ಯಾನ್ ನೀರು ಬಿಡುವಾಗ ಒಂದು ವಾರ ಜೊತೆಗೆ ನಿಂತು ನೋಡಿದರೆ ವಾಲ್ವಿನ ತಕರಾರೋ ಮೋಟರಿನದೋ ನಿನಗೇ ತಿಳಿಯುತ್ತದೆ. ನರೇಗಾದಲ್ಲಿ ದಿನಕ್ಕೆ 275 ರೂಪಾಯಿ ಹೆಣ್ಣಿಗೂ ಗಂಡಿಗೂ ಒಂದೇ ಅನ್ನುವುದನ್ನೂ ಮನೆಮನೆಗೆ ಹೇಳು. ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಮೆಂಬರು ಹೆಂಗಸಾದರೆ ಯಜಮಾನರೇ ಕುರ್ಚಿಯಲ್ಲಿ ಕೂರುವುದು ಸುತ್ತಮುತ್ತ ರೂಢಿಯಾಗಿಬಿಟ್ಟಿದೆ. ನಿನ್ನ ಮನೆಯವರು ಒಳ್ಳೆಯವರು, ಪ್ರಚಾರಕ್ಕೆ ನಿನ್ನ ಜೊತೆ ಬಿಸಿಲಲ್ಲಿ ಓಡಾಡಿದ್ದಾರೆ. ಪಂಚಾಯ್ತಿ ಬಾಗಿಲ ತನಕ ಬಿಟ್ಟು ಬರಲಿ, ಒಳಗೆ ನೀನೇ ಹೋಗು. ಅಧ್ಯಕ್ಷರ ಆಯ್ಕೆ ಮುಗಿಯುವ ತನಕ ಆಸೆ ತೋರಿಸುವವರೂ ಹೆದರಿಸುವವರೂ ಬರುತ್ತಾರೆ. ಎಲ್ಲರಿಗೂ ಕಾಫಿ ಕೊಡು, ಮಾತು ಮಾತ್ರ ಕೊಡಬೇಡ.

ನಿನಗೆ ವೋಟು ಹಾಕದವರ ಬೀದಿಗೆ ಮೊದಲು ಹೋಗಿ ಬಾ. ಸೋತ ಹೆಣ್ಣುಮಗಳನ್ನೂ ಮಾತಾಡಿಸು, ಅವಳೂ ನನ್ನ ಶಿಷ್ಯೆಯೇ.

ಸಂಕ್ರಾಂತಿಗೆ ನಾವಿಬ್ಬರೂ ಊರಿಗೆ ಬರುತ್ತೇವೆ. ಅಷ್ಟರೊಳಗೆ ಪಂಚಾಯ್ತಿ ಕಾಯ್ದೆಯ ಕನ್ನಡ ಪುಸ್ತಕ ಸಿಕ್ಕರೆ ತರುತ್ತೇನೆ. ಎಳ್ಳು ಬೆಲ್ಲ ತಿನ್ನುತ್ತಾ ಜೊತೆಗೆ ಕೂತು ಓದೋಣ.

ಇಂತಿ,
ನಿನ್ನ ಮೇಷ್ಟ್ರು