ನಲವತ್ತನೇ ನಿಮಿಷ

ಆನ್‌ಲೈನ್‌ನಲ್ಲಿ ಬಿಡಿ ಕೆಲಸ ಕೊಡಿಸುವ ವೇದಿಕೆಯೊಂದರಲ್ಲಿ ಸಬ್‌ಟೈಟಲ್ ಕೆಲಸ ಕೇಳಿ ಮೇದಿನಿ ಕಳಿಸಿದ ಪ್ರಪೋಸಲ್‌ಗಳಿಗೆ ಹೆಚ್ಚಾಗಿ ಉತ್ತರವೇ ಬರುತ್ತಿರಲಿಲ್ಲ. "ಬೇಡ" ಎಂದು ಟೈಪ್ ಮಾಡುವಷ್ಟು ಪುರುಸೊತ್ತೂ ಯಾರಿಗೂ ಇದ್ದಂತಿರಲಿಲ್ಲ. ಕೆಲವು ಕೆಲಸಗಳು ಯಾರನ್ನೂ ತೆಗೆದುಕೊಳ್ಳದೆ ಮುಚ್ಚಿಹೋದವು. ಒಬ್ಬ ಕ್ಲೈಂಟ್ ಸ್ಯಾಂಪಲ್ ಎಂದು ಹೇಳಿ ಇಡೀ ಇಪ್ಪತ್ತು ನಿಮಿಷದ ವಿಡಿಯೊಗೆ ಸಬ್‌ಟೈಟಲ್ ಮಾಡಿಸಿಕೊಂಡು ಮಾಯವಾದ. ಇನ್ನೊಬ್ಬ ಕೆಲಸ ಕೊಡುವ ಮೊದಲೇ "ನೋಂದಣಿ ಠೇವಣಿ" ಕೇಳಿದ. ಅವನನ್ನು ಮಾತ್ರ ಮೇದಿನಿಯೇ ತಿರಸ್ಕರಿಸಿದಳು. ಅಷ್ಟು ದಿನಗಳಲ್ಲಿ ತಿರಸ್ಕರಿಸುವ ಸರದಿ ಅವಳಿಗೆ ಬಂದದ್ದು ಅದೊಂದೇ ಸಲ.

ಚಿಕ್ಕಪ್ಪನ ಮಗಳು ಶೈಲಕ್ಕ ಬಹಳ ವರ್ಷಗಳಿಂದ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತಿದ್ದವಳು. ಮೇದಿನಿಯ ಪ್ರಪೋಸಲ್ ಒಂದನ್ನು ಫೋನಿನಲ್ಲೇ ಓದಿಸಿ ಕೇಳಿದಳು.

"'ಮಾನ್ಯರೇ, ನಾನು ಶ್ರದ್ಧೆಯಿಂದ ಕೆಲಸ ಮಾಡುವ, ಸಮಯಪಾಲನೆ ಉಳ್ಳ...'"

"ಸಾಕು ನಿಲ್ಲಿಸು. ನೀನು ಕೆಲಸ ಕೇಳ್ತಿದ್ದೀಯೋ, ಗುಣನಡತೆ ಪ್ರಮಾಣಪತ್ರ ಬರೀತಿದ್ದೀಯೋ?"

"ಮತ್ತೆ ಏನು ಬರೀಲಿ ಅಕ್ಕಾ? ಹಿಂದೆ ಮಾಡಿದ ಕೆಲಸ ತೋರಿಸು ಅಂತಾರೆ. ಕೆಲಸ ಕೊಟ್ಟರೆ ತಾನೆ ತೋರಿಸೋದು?"

ಅದಕ್ಕೆ ಶೈಲಕ್ಕನ ಬಳಿಯೂ ಉತ್ತರ ಇರಲಿಲ್ಲ. "ದರ ಇಳಿಸಿ ನೋಡು" ಎಂದಳು. ಮೇದಿನಿ ಇಳಿಸಿದಳು. ಆಮೇಲೆ ಮತ್ತೂ ಇಳಿಸಿದಳು. ಅವಳಿಗಿಂತ ಕಡಿಮೆಗೆ ಮಾಡುವವರು ಪಟ್ಟಿಯಲ್ಲಿ ಆಗಲೂ ಇದ್ದರು, ಯಾವಾಗಲೂ ಇರುತ್ತಾರೆ.

ಆ ಸಂಜೆ ಕಣ್ಣಿಗೆ ಬಿದ್ದ ಜಾಹೀರಾತು ಸಿಡುಕಿನ ದನಿಯಲ್ಲೇ ಇತ್ತು: "ದೀಪಸ್ತಂಭ ಕಾಯುವವರ ಬಗ್ಗೆ ಮೂರು ಸಾಕ್ಷ್ಯಚಿತ್ರಗಳು. ಸಬ್‌ಟೈಟಲ್ ಇದೆ, ಮಾತಿಗೆ ಹೊಂದುತ್ತಿಲ್ಲ. ಎಲ್ಲವನ್ನೂ ಕೈಯಿಂದ ಮತ್ತೆ ಕೂರಿಸಬೇಕು. ಹಿಂದೆ ಇಬ್ಬರು ಅರ್ಧಕ್ಕೆ ಬಿಟ್ಟು ಹೋಗಿದ್ದಾರೆ. ತಾಳ್ಮೆ ಇಲ್ಲದವರು ದಯವಿಟ್ಟು ಬರೆಯಬೇಡಿ." ಕೆಳಗೆ ಮೊದಲ ಚಿತ್ರದ ವಿಡಿಯೊ, ಅದರ ಸಬ್‌ಟೈಟಲ್ ಫೈಲು. ಆಗಲೇ ಐವತ್ತಕ್ಕೂ ಹೆಚ್ಚು ಜನ ಬರೆದಿದ್ದಾರೆ ಎಂದು ಪಕ್ಕದಲ್ಲಿ ತೋರಿಸುತ್ತಿತ್ತು.

ಅಷ್ಟು ಜನ ಬರೆದಾದ ಮೇಲೆ ತನ್ನದನ್ನು ಯಾರು ಓದುತ್ತಾರೆ? ಹಾಗೆಂದುಕೊಂಡೇ ಮೇದಿನಿ ಪ್ರಪೋಸಲ್ ಬರೆಯಲು ಹೋಗಲಿಲ್ಲ. ಸುಮ್ಮನೆ ವಿಡಿಯೊ ಹಾಕಿಕೊಂಡು ನೋಡತೊಡಗಿದಳು.

ಚಿತ್ರ ಚೆನ್ನಾಗಿತ್ತು. ಒಬ್ಬ ಮುದುಕ ಮೆಟ್ಟಿಲು ಹತ್ತುತ್ತಾ ಮಾತಾಡುತ್ತಿದ್ದ. ಅವನ ಮಾತಿಗಿಂತ ಅಕ್ಷರ ತುಸು ಮುಂದೆ. ಎರಡನೇ ನಿಮಿಷದ ಹೊತ್ತಿಗೆ ಐದು ಸೆಕೆಂಡು ಮುಂದೆ. ಹತ್ತನೇ ನಿಮಿಷಕ್ಕೆ ಇಪ್ಪತ್ತೈದು ಸೆಕೆಂಡು. ಮುದುಕ ಇನ್ನೂ ಮೀನುಗಾರರ ವಿಷಯ ಹೇಳುತ್ತಿದ್ದರೆ ಕೆಳಗೆ ಅವನ ಹೆಂಡತಿ ಆಗಲೇ ತೀರಿಕೊಂಡಿದ್ದಳು. ಮೇದಿನಿಗೆ ನಗು ಬಂತು, ಬೆನ್ನಿಗೇ ಪಾಪ ಅನ್ನಿಸಿತು. ಆಮೇಲೆ ಕುತೂಹಲ ಹುಟ್ಟಿತು. ಹೀಗೆ ಒಂದೇ ಹದದಲ್ಲಿ ಹೆಚ್ಚುತ್ತಾ ಹೋಗುವುದು ಯಾರದೋ ಅಜಾಗರೂಕತೆಯಿಂದ ಆದದ್ದಲ್ಲ. ಅಜಾಗರೂಕತೆಗೆ ಇಷ್ಟು ಶಿಸ್ತು ಇರುವುದಿಲ್ಲ.

ಫೈಲನ್ನು ತೆರೆದು ನಲವತ್ತನೇ ನಿಮಿಷದ ಆಚೆಗೆ ಹೋದಳು.

```
412
00:41:20,000 --> 00:41:23,500
ಆ ರಾತ್ರಿ ದೀಪ ಆರಲೇ ಇಲ್ಲ.
```

ವಿಡಿಯೊದಲ್ಲಿ ಮುದುಕ ಆ ಮಾತು ಹೇಳಿದ್ದು 43 ನಿಮಿಷ 6 ಸೆಕೆಂಡಿಗೆ. 2586 ಸೆಕೆಂಡನ್ನು 2480ರಿಂದ ಭಾಗಿಸಿದಳು. 1.0427. ಎರಡನೇ ನಿಮಿಷದ ಸಾಲಿಗೂ ಹತ್ತಿರ ಹತ್ತಿರ ಅದೇ ಬಂತು. 25ನ್ನು 23.976ರಿಂದ ಭಾಗಿಸಿದಳು. 1.0427.

ಸಬ್‌ಟೈಟಲ್ ಕಲಿಯುವವರೆಲ್ಲ ಒಂದಲ್ಲ ಒಂದು ಸಲ ಎದುರಾಗುವ ಜೋಡಿ ಅದು. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮುಗಳ, ಅಂದರೆ ಬಿಡಿಚಿತ್ರಗಳ, ಲೆಕ್ಕದಲ್ಲಿ ಓಡುತ್ತದೆ, ಡಿಜಿಟಲ್ ಪ್ರತಿಗಳಲ್ಲಿ ಅದೇ ಎಷ್ಟೋ ಸಲ 23.976 ಆಗಿರುತ್ತದೆ. ಕೆಲವು ದೇಶಗಳ ಟಿವಿಗೆ ಬೇಕಾಗುವುದು 25. ಅದಕ್ಕಾಗಿ ಚಿತ್ರವನ್ನು ಚೂರು ವೇಗವಾಗಿ ಓಡಿಸುತ್ತಾರೆ, ನೋಡುವವರಲ್ಲಿ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಈ ಸಬ್‌ಟೈಟಲ್ ತಯಾರಾದದ್ದು ಆ ವೇಗದ ಪ್ರತಿಯ ಮೇಲೆ, ಈಗ ಕೂರಿಸುತ್ತಿರುವುದು ನಿಧಾನದ ಪ್ರತಿಗೆ. ಕೈಯಿಂದ ಒಂದೊಂದೇ ಸಾಲು ಸರಿಸುವ ಅಗತ್ಯವೇ ಇರಲಿಲ್ಲ. ಎಲ್ಲ ಸಮಯವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಮುಗಿಯಿತು. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟ್ ಬದಲಿಸುವುದಕ್ಕೆ ಅಂತಲೇ ಒಂದು ಆಯ್ಕೆ ಇದೆ. ಅವಳು ಬದಲಿಸಿದಳು. ಮುದುಕನ ತುಟಿಗೂ ಅಕ್ಷರಕ್ಕೂ ತಾಳ ಕೂಡಿತು.

ಶೈಲಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಒಳ್ಳೇದಾಯ್ತಲ್ಲ! ಅವರು ಹೇಳಿದ ದರಕ್ಕೇ ಒಪ್ಕೋ. ಎರಡು ವಾರ ಬೇಕು ಅನ್ನು. ಹತ್ತು ನಿಮಿಷದಲ್ಲಿ ಆಗುತ್ತೆ ಅಂತ ಮಾತ್ರ ಬಾಯಿ ಬಿಡಬೇಡ."

"ಹೇಳದೆ ಇದ್ದರೆ ಐವತ್ತು ಜನರಲ್ಲಿ ನಾನೂ ಒಬ್ಬಳು ಅಷ್ಟೇ ಅಲ್ವಾ ಅಕ್ಕಾ. ನನ್ನ ಹತ್ತಿರ ಬೇರೆ ಏನಿದೆ?"

"ಹೇಳಿದರೆ ಅವರೇ ಮಾಡ್ಕೋತಾರೆ ಕಣೇ, ಹುಚ್ಚೀ."

ಅದೂ ನಿಜವೇ. ಮೇದಿನಿ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಇದನ್ನು ಪ್ರಾಮಾಣಿಕತೆ ಎಂದು ಕರೆಯುವುದು ಅತಿಯಾದೀತು. ಕಂಡುಹಿಡಿದದ್ದನ್ನು ಯಾರಿಗಾದರೂ ಹೇಳಲೇಬೇಕು ಎಂಬ ತುರಿಕೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು. ಈ ಸಲ ಮಾನ್ಯರೇ ಇಲ್ಲ, ಶ್ರದ್ಧೆ ಇಲ್ಲ.

"ನಿಮ್ಮ ಸಬ್‌ಟೈಟಲ್ 25 ಫ್ರೇಮಿನ ಪ್ರತಿಗೆ ಮಾಡಿದ್ದು. ವಿಡಿಯೊ 23.976ರದ್ದು. ಆದ್ದರಿಂದ ಹೋಗುತ್ತಾ ಹೋಗುತ್ತಾ ಅಂತರ ಹೆಚ್ಚುತ್ತದೆ. 41ನೇ ನಿಮಿಷಕ್ಕೆ 106 ಸೆಕೆಂಡು. ಕೈಯಿಂದ ಕೂರಿಸಬೇಕಾಗಿಲ್ಲ, ಎಲ್ಲ ಸಮಯವನ್ನೂ 1.0427ರಿಂದ ಗುಣಿಸಿದರೆ ಸಾಕು, ಹತ್ತು ನಿಮಿಷದ ಕೆಲಸ. ಸರಿಪಡಿಸಿದ ತುಣುಕು ಜೊತೆಗಿದೆ. ಬೇಕೆಂದೇ 40ರಿಂದ 45ನೇ ನಿಮಿಷದವರೆಗಿನದನ್ನು ಕಳಿಸಿದ್ದೇನೆ, ಮೊದಲ ಐದು ನಿಮಿಷ ಯಾರು ಮಾಡಿದರೂ ಸರಿಯಾಗಿಯೇ ಕಾಣುತ್ತದೆ.

ಇದನ್ನು ಸರಿ ಮಾಡಿದ ಮೇಲೂ ಇನ್ನೊಂದು ತೊಂದರೆ ಉಳಿಯುತ್ತದೆ. ಹಲವು ಕಡೆ ಮೂರು ಸಾಲುಗಳಿವೆ, ಕೆಲವು ಒಂದು ಸೆಕೆಂಡೂ ನಿಲ್ಲದೆ ಹೋಗುತ್ತವೆ. ಓದಿ ಮುಗಿಸಲು ಆಗುವುದಿಲ್ಲ. ಅವನ್ನು ಒಂದೊಂದಾಗಿ ನೋಡಿ ಒಡೆಯಬೇಕು, ಕೆಲವನ್ನು ಮೊಟಕು ಮಾಡಬೇಕು. ನಾನು ಹಣ ಕೇಳುತ್ತಿರುವುದು ಅದಕ್ಕೆ."

ಮೊತ್ತ ಬರೆದಳು. ಅವರು ಇಟ್ಟಿದ್ದ ಬಜೆಟ್‌ನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ತಾನು ಅಲ್ಲಿಯವರೆಗೆ ಕೇಳುತ್ತಿದ್ದ ದರಕ್ಕಿಂತ ತುಂಬಾ ಹೆಚ್ಚು.

ಮರುದಿನ ಏನೂ ಇಲ್ಲ. ಅದರ ಮರುದಿನವೂ ಇಲ್ಲ. ಶೈಲಕ್ಕ ಸಂದೇಶ ಕಳಿಸಿದಳು: "ಗುಣಿಸ್ಕೊಂಡ್ರು ಅನ್ಸುತ್ತೆ."

ಹೌದು, ಗುಣಿಸಿಕೊಂಡಿದ್ದರು. ಅದು ಗೊತ್ತಾದದ್ದು ಮೂರನೆಯ ದಿನ ರಾತ್ರಿ, ಕ್ಲೈಂಟ್ ಬರೆದಾಗ. ನಮಸ್ಕಾರವಿಲ್ಲ, ಧನ್ಯವಾದವಿಲ್ಲ. "ನಾನು ಈ ಚಿತ್ರಗಳ ಎಡಿಟರ್. ನಿಮ್ಮ ಸಂಖ್ಯೆ ಮೊದಲೆರಡು ಚಿತ್ರಕ್ಕೆ ಸರಿಹೋಯಿತು. ಮೂರನೆಯದಕ್ಕೆ ಹಾಕಿದರೆ ಮೊದಲಿಗಿಂತ ಕೆಟ್ಟಿದೆ. ಏಕೆ?" ಫೈಲು ಜೊತೆಗಿತ್ತು.

ತನ್ನ ಸಂಖ್ಯೆಯನ್ನು ಬಿಟ್ಟಿಯಾಗಿ ಬಳಸಿಕೊಂಡು ಮೇಲೆ ದೂರು ಬೇರೆ. ಮೇದಿನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಏಕೆ" ಎಂದು ಅವಳನ್ನು ಯಾವ ಕ್ಲೈಂಟೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಮೂರನೆಯ ಚಿತ್ರವನ್ನು ಗುಣಿಸದೆ, ಇದ್ದ ಹಾಗೆಯೇ ಓಡಿಸಿದಳು. ಹದಿನೆಂಟನೇ ನಿಮಿಷದವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಲ್ಲಿಂದ ಇದ್ದಕ್ಕಿದ್ದಂತೆ ಹನ್ನೆರಡು ಸೆಕೆಂಡಿನ ಅಂತರ. ಮೂವತ್ತನೇ ನಿಮಿಷದಲ್ಲಿಯೂ ಹನ್ನೆರಡೇ, ಕೊನೆಯ ಸಾಲಿಗೂ ಹನ್ನೆರಡೇ. ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

"ಇದರ ವೇಗ ಸರಿಯಾಗಿಯೇ ಇದೆ, ಗುಣಿಸಬೇಡಿ" ಎಂದು ಬರೆದಳು. "18ನೇ ನಿಮಿಷದ ಹತ್ತಿರ, ಸಬ್‌ಟೈಟಲ್ ಮಾಡಿಸಿದ ಮೇಲೆ, ನೀವು ಹನ್ನೆರಡು ಸೆಕೆಂಡಿನಷ್ಟು ಏನನ್ನೋ ಸೇರಿಸಿದ್ದೀರಿ. ಅಲ್ಲಿಂದ ಮುಂದಿನದೆಲ್ಲ ಹನ್ನೆರಡು ಸೆಕೆಂಡು ತಡವಾಗಿ ಬರುವ ಹಾಗೆ ಮಾಡಿದರೆ ಸಾಕು."

ಪರದೆಯಲ್ಲಿ ಆ ಕಡೆಯವರು ಟೈಪ್ ಮಾಡುತ್ತಿರುವ ಚುಕ್ಕೆಗಳು ಕಾಣಿಸಿಕೊಂಡವು, ನಿಂತವು, ಮತ್ತೆ ಕಾಣಿಸಿಕೊಂಡವು.

"ನಕ್ಷೆ ಹಾಕಿದ್ದೆವು. ನಿರ್ಮಾಪಕರು ಕೊನೇ ಗಳಿಗೆಯಲ್ಲಿ ಹೇಳಿದ್ದು. ನಾನೇ ಮರೆತಿದ್ದೆ." ಅದರ ಹಿಂದೆಯೇ ಇನ್ನೊಂದು: "ನೀವು ಕೇಳಿದ ಮೊತ್ತ ಜಾಸ್ತಿ. ಹತ್ತು ನಿಮಿಷದ ಕೆಲಸ ಅಂತ ನೀವೇ ಹೇಳಿದ್ದೀರಿ."

ಶೈಲಕ್ಕ ಎಚ್ಚರಿಸಿದ್ದು ಇದನ್ನೇ. ಇಳಿಸಿಬಿಡಲೇ ಎಂದು ಒಂದು ಕ್ಷಣ ಬೆರಳು ಹಿಂಜರಿಯಿತು. ಹಿಂದೆಲ್ಲ ಇಳಿಸಿ ಆಗಿತ್ತಲ್ಲ, ಅದರಿಂದ ಬಂದದ್ದೇನು?

"ಹತ್ತು ನಿಮಿಷದ್ದಕ್ಕೆ ನಾನು ಹಣ ಕೇಳಿಲ್ಲ, ಅದನ್ನು ಆಗಲೇ ಕೊಟ್ಟಿದ್ದೇನೆ. ಮೂರೂ ಚಿತ್ರ ಸೇರಿ ಸಾವಿರಕ್ಕೂ ಹೆಚ್ಚು ಸಬ್‌ಟೈಟಲ್‌ಗಳಿವೆ. ಒಂದೊಂದನ್ನೂ ಓದಲು ಆಗುವ ಹಾಗೆ ಮಾಡುವುದಕ್ಕೆ ಆ ಮೊತ್ತ. ಬೇಡವಾದರೆ ತೊಂದರೆಯಿಲ್ಲ, ಫೈಲುಗಳು ಈಗ ಮಾತಿಗೆ ಹೊಂದುತ್ತವೆ."

ಕಳಿಸಿದ ಮೇಲೆ ಹೊಟ್ಟೆಯಲ್ಲಿ ಸಂಕಟವಾಯಿತು. "ಬೇಡವಾದರೆ ತೊಂದರೆಯಿಲ್ಲ" ಎಂಬುದು ಶುದ್ಧ ಸುಳ್ಳು.

ಒಪ್ಪಂದ ಬಂದದ್ದು ಮರುದಿನ ಬೆಳಗ್ಗೆ. ಮೊತ್ತ ಅವಳು ಕೇಳಿದ್ದೇ. ಒಂದೊಂದು ಚಿತ್ರಕ್ಕೆ ಒಂದೊಂದು ಕಂತು. ಮೊದಲ ಕಂತಿನ ಹಣವನ್ನು ಕ್ಲೈಂಟ್ ಆಗಲೇ ತುಂಬಿಯಾಗಿದೆ, ಕೆಲಸ ಒಪ್ಪಿಸುವವರೆಗೆ ಅದು ವೇದಿಕೆಯ ಬಳಿ ಇರುತ್ತದೆ ಎಂದು ಹಸಿರು ಪಟ್ಟಿಯಲ್ಲಿ ತೋರಿಸುತ್ತಿತ್ತು. ಮೇದಿನಿ ಷರತ್ತುಗಳನ್ನೆಲ್ಲ ಕೊನೆಯವರೆಗೂ ಓದಿದಳು. ವೇದಿಕೆಯವರು ನೂರಕ್ಕೆ ಹತ್ತು ಹಿಡಿದುಕೊಳ್ಳುತ್ತಾರೆ ಎಂಬ ಸಾಲು ಕೂಡ ಆ ಬೆಳಗ್ಗೆ ಹಿತವಾಗಿಯೇ ಕೇಳಿಸಿತು. ಹಿಡಿದುಕೊಳ್ಳಲು ಈಗ ಏನಾದರೂ ಇತ್ತಲ್ಲ.

ಕೆಲಸ ಅಂದುಕೊಂಡದ್ದಕ್ಕಿಂತ ಹೆಚ್ಚೇ ಹೊತ್ತು ತಿಂದಿತು. ಮುದುಕ ಉಸಿರು ತೆಗೆದುಕೊಳ್ಳದೆ ಮಾತಾಡುವ ಕಡೆ ಯಾವ ಪದ ಬಿಡುವುದು, ಯಾವುದನ್ನು ಉಳಿಸುವುದು? ಅವನು "ಸಮುದ್ರ" ಎನ್ನದೆ ಪ್ರತಿ ಸಲ "ಅವಳು" ಎನ್ನುತ್ತಿದ್ದ. ಹಳೆಯ ಸಬ್‌ಟೈಟಲ್‌ನಲ್ಲಿ ಅದು ಎಲ್ಲ ಕಡೆ "ಸಮುದ್ರ" ಆಗಿತ್ತು. ತಿದ್ದಬಹುದೇ ಎಂದು ಕೇಳಿ ಬರೆದಳು. ಹೆಂಡತಿ ಸತ್ತ ಭಾಗದಲ್ಲಿ "ಅವಳು" ಯಾರು ಎಂದು ಗೊಂದಲವಾಗುವುದಿಲ್ಲವೇ ಎಂದೂ ತಾನೇ ಕೇಳಿದಳು. ಎಡಿಟರ್‌ನಿಂದ ಒಂದೇ ಸಾಲಿನ ಉತ್ತರ ಬಂತು: "ಗೊಂದಲವಾಗಲಿ. ಅವನಿಗೂ ಇದೆ."

ಮೂರನೆಯ ಕಂತು ಬಿಡುಗಡೆಯಾದ ದಿನ ಅವಳ ಪ್ರೊಫೈಲಿನಲ್ಲಿ ಮೊದಲ ವಿಮರ್ಶೆ ಕಾಣಿಸಿಕೊಂಡಿತು. ಐದಕ್ಕೆ ಐದು ನಕ್ಷತ್ರ, ಕೆಳಗೆ ಎರಡು ವಾಕ್ಯ: "ಹೇಳಿದ ದಿನಕ್ಕೆ ಕೊಟ್ಟರು. ಪ್ರಶ್ನೆ ತುಂಬಾ ಕೇಳುತ್ತಾರೆ."

ಶೈಲಕ್ಕ ಅದನ್ನು ಓದಿ, "ಇದು ಹೊಗಳಿಕೆಯೋ ಬೈಗುಳವೋ?" ಎಂದಳು.

"ಗೊತ್ತಿಲ್ಲ ಅಕ್ಕಾ. ನಕ್ಷತ್ರ ಐದಿದೆ."

ಅಷ್ಟರಲ್ಲಿ ಇನ್ನೊಂದು ಸಂದೇಶ ಬಂತು. "ಇನ್ನೊಂದು ಚಿತ್ರ ಇದೆ. ಇದಕ್ಕೆ ಸಬ್‌ಟೈಟಲ್ಲೇ ಇಲ್ಲ, ಮೊದಲಿಂದ ಮಾಡಬೇಕು. ಎಷ್ಟಾಗುತ್ತೆ?"

ಮೇದಿನಿ ಮೊತ್ತ ಬರೆಯಲು ಹೋಗಿ, ಅಳಿಸಿ, ಟೈಪ್ ಮಾಡಿದಳು: "ಎಷ್ಟು ನಿಮಿಷದ್ದು? ಎಷ್ಟು ಜನ ಮಾತಾಡುತ್ತಾರೆ? ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆಯೇ? ಮತ್ತೆ, ಎಡಿಟಿಂಗ್ ನಿಜವಾಗಿಯೂ ಮುಗಿದಿದೆಯೇ, ಅಥವಾ ನಕ್ಷೆ ಇನ್ನೂ ಬಾಕಿ ಇದೆಯೇ?"