ಖಾಲಿ ಫ್ಲಾಟ್‌ಗೆ ಸ್ಟೇಜಿಂಗ್ ಪ್ರಾಂಪ್ಟ್‌ಗಳು: ಸಾಮಾನು ಬರಲಿ, ಗೋಡೆ ಅಲುಗದಿರಲಿ

ಖಾಲಿ ಫ್ಲಾಟ್‌ನ ಫೋಟೋಗೆ ಸಾಮಾನು ಸೇರಿಸಲು, ಚಿತ್ರ ತಯಾರಿಸುವ AIಗೆ ಕೊಡುವ ಸೂಚನೆಗಳು ಇವು.

ಪ್ರತಿ ಕೋಣೆಗೂ ಮೊದಲು ಹಾಕುವ ಭಾಗ

ಇದು ಖಾಲಿ ಫ್ಲಾಟ್‌ನ ನಿಜವಾದ ಫೋಟೋ. ಇದರೊಳಗೆ ಸಾಮಾನು ಮಾತ್ರ ಸೇರಿಸಿ. ಗೋಡೆ, ಮೂಲೆ, ಸೀಲಿಂಗ್, ನೆಲ, ಕಿಟಕಿ, ಬಾಗಿಲು, ಸ್ವಿಚ್‌ಬೋರ್ಡ್, ಫ್ಯಾನ್, ಸ್ಕರ್ಟಿಂಗ್ ಎಲ್ಲವೂ ಇದ್ದ ಜಾಗದಲ್ಲೇ, ಇದ್ದ ಅಳತೆಯಲ್ಲೇ ಇರಬೇಕು. ಕ್ಯಾಮೆರಾ ಕೋನ ಬದಲಾಗಬಾರದು. ಫೋಟೋವನ್ನು ಕತ್ತರಿಸಬೇಡಿ, ಅಗಲಿಸಬೇಡಿ. ಗೋಡೆಯ ಬಣ್ಣ ಮುಟ್ಟಬೇಡಿ. ಕಿಟಕಿಯಾಚೆ ಏನು ಕಾಣುತ್ತಿದೆಯೋ ಅದೇ ಕಾಣಲಿ.

ನೆಲದ ಟೈಲ್ಸ್ ಒಂದೊಂದೂ 60 ಸೆಂ.ಮೀ. ಚೌಕ. ಸಾಮಾನಿನ ಅಳತೆಗೆ ಇದೇ ಮಾನದಂಡ. ಬಾಗಿಲಿನ ಎತ್ತರ 210 ಸೆಂ.ಮೀ.

ಹಾಲ್

ಮುಂಬಾಗಿಲಲ್ಲಿ ನಿಂತು ತೆಗೆದ ಫೋಟೋ. ಹಾಲ್ 5 ಟೈಲ್ಸ್ ಅಗಲ, 8 ಟೈಲ್ಸ್ ಉದ್ದ. ಎಡಗೋಡೆಯಲ್ಲಿ ಕಿಟಕಿ, ಎದುರಿಗೆ ಎಡಭಾಗದಲ್ಲಿ ಬಾಲ್ಕನಿಯ ಸ್ಲೈಡಿಂಗ್ ಬಾಗಿಲು.

ಬಲಗೋಡೆಗೆ ತಾಗಿದಂತೆ ಮೂರು ಜನ ಕೂರುವ ಸೋಫಾ ಇಡಿ: 210 ಸೆಂ.ಮೀ. ಉದ್ದ, ಅಂದರೆ ಮೂರೂವರೆ ಟೈಲ್ಸ್. ಗೋಡೆಯಿಂದ ಮುಂದಕ್ಕೆ 85 ಸೆಂ.ಮೀ. ಬೂದು ಬಣ್ಣದ ಒರಟು ಬಟ್ಟೆ, ತೆಳ್ಳಗಿನ ಮರದ ಕಾಲು. ಕೋಣೆ ದೊಡ್ಡದಾಗಿ ಕಾಣಲಿ ಅಂತ ಸೋಫಾವನ್ನು ಕುಗ್ಗಿಸಬೇಡಿ. ಮನೆ ನೋಡಲು ಬಂದವರು ತಮ್ಮ ಸೋಫಾ ಇಲ್ಲಿ ಹಿಡಿಯುತ್ತಾ ಅಂತ ಈ ಚಿತ್ರ ನೋಡಿಯೇ ಲೆಕ್ಕ ಹಾಕುತ್ತಾರೆ. ಅವರ ಲೆಕ್ಕ ತಪ್ಪಬಾರದು.

ಸೋಫಾದ ಮುಂದೆ 160 × 230 ಸೆಂ.ಮೀ. ಕಾರ್ಪೆಟ್ ಹಾಸಿ. ಉದ್ದದ ಅಂಚು ಸೋಫಾಕ್ಕೆ ಸಮಾನಾಂತರವಾಗಿರಲಿ, ಸೋಫಾದ ಮುಂದಿನ ಕಾಲುಗಳು ಅದರ ಮೇಲೆ ನಿಲ್ಲಲಿ. ಕಾರ್ಪೆಟ್‌ನ ಅಂಚುಗಳು ಟೈಲ್ಸ್ ಸಂದಿನ ಗೆರೆಗಳ ದಿಕ್ಕಿನಲ್ಲೇ ಓಡಬೇಕು. ದೂರದ ಅಂಚು ಹತ್ತಿರದ ಅಂಚಿಗಿಂತ ಚಿಕ್ಕದಾಗಿ ಕಾಣಲಿ. ಕಾರ್ಪೆಟ್ ಕೆಳಗೆ ಹೋದ ಸಂದು ಆಚೆ ಬದಿಯಲ್ಲಿ ಅದೇ ಗೆರೆಯಲ್ಲಿ ಹೊರಬರಬೇಕು. ಅಂಚಿನಲ್ಲಿ ಕಾರ್ಪೆಟ್‌ನ ದಪ್ಪ ಸ್ವಲ್ಪ ಕಾಣಲಿ, ನೆಲದ ಮೇಲೆ ಬಣ್ಣ ಬಳಿದ ಹಾಗೆ ಬೇಡ. ಬಣ್ಣ ಗೋಧಿ, ಡಿಸೈನ್ ಬೇಡ.

ಕಾರ್ಪೆಟ್ ಮೇಲೆ, ಸೋಫಾದಿಂದ 40 ಸೆಂ.ಮೀ. ಬಿಟ್ಟು, 100 × 50 ಸೆಂ.ಮೀ. ಅಳತೆಯ ತಗ್ಗು ಟೀಪಾಯಿ. ಅದರ ಮೇಲೆ ಎರಡು ಪುಸ್ತಕ ಸಾಕು.

ಎಡಗೋಡೆಯ ಉದ್ದಕ್ಕೂ 75 ಸೆಂ.ಮೀ. ಖಾಲಿ ಬಿಡಿ. ಬಾಲ್ಕನಿಗೆ ಹೋಗುವ ದಾರಿ ಅದು. ಆ ದಾರಿಯಲ್ಲಿ ಕುಂಡವೂ ಬರಬಾರದು.

ಗಿಡ ಒಂದೇ: ಎದುರಿನ ಬಲಮೂಲೆಯಲ್ಲಿ 150 ಸೆಂ.ಮೀ. ಎತ್ತರದ ಅರೆಕಾ ಪಾಮ್, ಮಣ್ಣಿನ ಬಣ್ಣದ ಕುಂಡದಲ್ಲಿ. ಗರಿಗಳು ಬಾಲ್ಕನಿ ಬಾಗಿಲ ಚೌಕಟ್ಟನ್ನು ಮುಚ್ಚಬಾರದು. ಒಂದೆರಡು ಗರಿಯ ತುದಿ ಒಣಗಿದ್ದರೂ ಚಿಂತೆಯಿಲ್ಲ, ನಿಜವಾದ ಗಿಡ ಹಾಗೇ ಇರುತ್ತದೆ ಅಲ್ವಾ?

ಬೆಳಕು ಎಡಗಿಟಕಿಯಿಂದ ಬರುತ್ತಿದೆ. ನೆರಳು ಬಲಕ್ಕೆ ಬೀಳಲಿ, ಅಂಚು ಮೆತ್ತಗಿರಲಿ. ಸೋಫಾದ ಕಾಲು, ಕುಂಡದ ಬುಡ ನೆಲ ಮುಟ್ಟುವ ಕಡೆ ತೆಳುವಾದ ಗಾಢ ನೆರಳು ಇರಲೇಬೇಕು. ಅದಿಲ್ಲದಿದ್ದರೆ ಸಾಮಾನು ಗಾಳಿಯಲ್ಲಿ ತೇಲುತ್ತದೆ. ಟೈಲ್ಸ್‌ಗೆ ಹೊಳಪಿದೆ, ಕುಂಡದ ಮಸುಕು ಪ್ರತಿಬಿಂಬ ಅದರಲ್ಲಿ ಕಾಣಲಿ.

ಹಾಲ್, ತಿದ್ದುವ ಪ್ರಾಂಪ್ಟ್

ಹಿಂದಿನ ಚಿತ್ರದಲ್ಲಿ ಕಿಟಕಿ ಅಗಲವಾಗಿದೆ, ಸೋಫಾ ಹಿಂದಿದ್ದ ಸ್ವಿಚ್‌ಬೋರ್ಡ್ ಮಾಯವಾಗಿದೆ. ಮೂಲ ಫೋಟೋದಿಂದಲೇ ಮತ್ತೆ ಶುರು ಮಾಡಿ. ಕಿಟಕಿಯ ನಾಲ್ಕೂ ಮೂಲೆಗಳು ಮೂಲದ ಜಾಗದಲ್ಲೇ ಇರಲಿ. ಸ್ವಿಚ್‌ಬೋರ್ಡ್ ಪೂರ್ತಿ ಕಾಣುವಂತೆ ಸೋಫಾವನ್ನು ಅರ್ಧ ಟೈಲ್ ಬಾಲ್ಕನಿ ಕಡೆಗೆ ಸರಿಸಿ. ಬೇರೇನೂ ಬದಲಿಸಬೇಡಿ.

ಮಲಗುವ ಕೋಣೆ

5 × 6 ಟೈಲ್ಸ್ ಕೋಣೆ. ಎದುರುಗೋಡೆಗೆ ತಲೆ ಇಟ್ಟಂತೆ 150 × 200 ಸೆಂ.ಮೀ. ಮಂಚ. ಬಲಕ್ಕೆ ಗೋಡೆಯೊಳಗೇ ಕಟ್ಟಿದ ವಾರ್ಡ್‌ರೋಬ್ ಇದೆ, ಅದರ ಬಾಗಿಲು ತೆರೆಯಲು 90 ಸೆಂ.ಮೀ. ಬಿಡಿ. ಎಡಕ್ಕೆ 60 ಉಳಿಯುತ್ತದೆ, ಅಲ್ಲಿ 40 ಸೆಂ.ಮೀ. ಅಗಲದ ಪುಟ್ಟ ಮೇಜು. ಬಿಳಿ ಹೊದಿಕೆ, ಸ್ವಲ್ಪ ಸುಕ್ಕು ಇರಲಿ. ಮಂಚದ ವಾರ್ಡ್‌ರೋಬ್ ಕಡೆಯ ಬದಿಯಲ್ಲಿ ನೆಲದ ಮೇಲೆ ಕಿರಿದಾದ ಹಾಸು. ಮೇಜಿನ ಮೇಲೆ ಸಣ್ಣ ಸ್ನೇಕ್ ಪ್ಲಾಂಟ್.

ಕಿಟಕಿಯ ಕೆಳಗೆ ತೇವದ ಕಲೆ ಇದೆ. ಅದನ್ನು ಅಳಿಸಬೇಡಿ, ಅದರ ಮುಂದೆ ಏನೂ ಇಡಬೇಡಿ. ಮನೆಗೆ ಬರುವವರಿಗೆ ಅದು ಈಗಲೇ ಗೊತ್ತಾಗಬೇಕು.

ಬಾಲ್ಕನಿ

ಮಡಚುವ ಕುರ್ಚಿ ಒಂದು, ನೆಲದ ಮೇಲೆ ಮೂರು ಕುಂಡ, ಬೇರೆಬೇರೆ ಎತ್ತರ. ಕಂಬಿಗೆ ಏನನ್ನೂ ತೂಗುಹಾಕಬೇಡಿ. ನೀರು ಹೋಗುವ ತೂತು ತೆರೆದೇ ಇರಲಿ.

ಎಲ್ಲ ಚಿತ್ರಗಳಿಗೂ ಕೊನೆಯ ಸಾಲು

ಕೆಳಗಿನ ಎಡಮೂಲೆಯಲ್ಲಿ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ: “ಸಾಮಾನುಗಳನ್ನು ಕಂಪ್ಯೂಟರ್‌ನಲ್ಲಿ ಸೇರಿಸಲಾಗಿದೆ. ಫ್ಲಾಟ್ ಖಾಲಿ ಇದೆ.”