ಮುನ್ಸೂಚನೆಯೋ, ಮುನ್ನೋಟವೋ, ಸನ್ನಿವೇಶವೋ: ಶಿರಸಿಯ ಉಪನ್ಯಾಸಕ್ಕೆ ನಮ್ಮ ಪ್ರಶ್ನೆಗಳು

ಉಪನ್ಯಾಸಕರಿಗೆ ನಮಸ್ಕಾರ.

ಭಾನುವಾರ ಮಧ್ಯಾಹ್ನ 3 ಗಂಟೆಗೆ ಶಿರಸಿಯಲ್ಲಿ ಹವಾಮಾನ ಮಾದರಿಗಳ ಅನಿಶ್ಚಿತತೆ ಕುರಿತು ತಾವು ಮಾತಾಡಿದ ಮೇಲೆ 50 ನಿಮಿಷ ಪ್ರಶ್ನೋತ್ತರಕ್ಕೆ ಇಟ್ಟಿದ್ದೇವೆ. ಅಂಕಿ, ನಕ್ಷೆ ತೆಗೆದಿಟ್ಟುಕೊಳ್ಳಲು ತಮಗೆ ಸಮಯ ಸಿಗಲೆಂದು ಪ್ರಶ್ನೆಗಳನ್ನು ಮೊದಲೇ ಕಳಿಸುತ್ತಿದ್ದೇವೆ. ಸಭೆಗೆ ಶಿರಸಿ, ಸಿದ್ದಾಪುರದ ಅಡಿಕೆ ತೋಟದವರು, ಕುಮಟಾ ಕಡೆಯ ಗಜನಿ ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆಯ ರೈತರು, ಕಾರವಾರದ ಮೀನುಗಾರರು, ಪಂಚಾಯಿತಿ ಸದಸ್ಯರು, ಕಾಲೇಜು ವಿದ್ಯಾರ್ಥಿಗಳು ಬರುತ್ತಾರೆ. ಪ್ರಶ್ನೆ 2 ಮತ್ತು 6ಕ್ಕೆ ತಲಾ 10 ನಿಮಿಷ ಬೇಕಾದೀತು. ಉಳಿದವು ಚಿಕ್ಕವು.

ಮೂರು ಪದಗಳನ್ನು ನಾವು ಹೀಗೆ ಬಳಸಿದ್ದೇವೆ. ಇವತ್ತಿನ ಗಾಳಿ, ತೇವ, ಸಮುದ್ರದ ಬಿಸಿಯನ್ನು ಅಳೆದು ಕಂಪ್ಯೂಟರ್ ಮಾದರಿಗೆ ಕೊಟ್ಟು, ಮುಂದೆ ಇಂಥ ದಿನ ಅಥವಾ ಇಂಥ ಋತುವಿನಲ್ಲಿ ಹೀಗಾಗುತ್ತದೆ ಎನ್ನುವುದು ಮುನ್ಸೂಚನೆ. ಆ ದಿನ ಬಂದಾಗ ಸರಿಯೋ ತಪ್ಪೋ ಗೊತ್ತಾಗುತ್ತದೆ. ಜನಸಂಖ್ಯೆ, ಕಲ್ಲಿದ್ದಲು, ಕಾಡು, ಸರ್ಕಾರಗಳ ನೀತಿ ಹೀಗೆ ಸಾಗಬಹುದು ಎಂದು ಕಟ್ಟಿಕೊಂಡ ಕಲ್ಪನೆ ಸನ್ನಿವೇಶ. ಅದರಲ್ಲಿ ಮಳೆಯ ಮಾತೇ ಇಲ್ಲ. ಆ ಸನ್ನಿವೇಶ ನಿಜವಾದರೆ ಹವಾಮಾನ ಏನಾದೀತು ಎಂದು ಮಾದರಿ ಕೊಡುವ ಉತ್ತರ ಮುನ್ನೋಟ, ಇಂಗ್ಲಿಷಿನವರ ಪ್ರೊಜೆಕ್ಷನ್. ಮುನ್ನೋಟದ ವಾಕ್ಯದಲ್ಲಿ ಒಂದು ‘ರೆ’ ಇರಲೇಬೇಕು: ಹಸಿರುಮನೆ ಅನಿಲಗಳ ಹೊರಸೂಸುವಿಕೆ ಇಳಿದರೆ, ಏರಿದರೆ, ಹೀಗೇ ಉಳಿದರೆ. ಸುದ್ದಿಯಾಗುವಾಗ ಮೊದಲು ಉದುರುವುದು ಆ ‘ರೆ’. ಅದು ಉದುರಿದ ಕೂಡಲೇ ಮುನ್ನೋಟ ಭವಿಷ್ಯವಾಣಿಯಾಗಿಬಿಡುತ್ತದೆ. ಆದ್ದರಿಂದ ಪ್ರತಿ ಉತ್ತರದ ಜೊತೆ ಇದು ಮೂರರಲ್ಲಿ ಯಾವುದು ಎಂದೂ ಹೇಳಬೇಕೆಂದು ವಿನಂತಿ.

ಪ್ರಶ್ನೆ 1. 2.7 ಡಿಗ್ರಿಗೂ 4.4 ಡಿಗ್ರಿಗೂ ನಡುವಿನ ಅಂತರ ಯಾರದು?

ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಪ್ರಕಾರ, 2081–2100ರ ಹೊತ್ತಿಗೆ 1850–1900ಕ್ಕಿಂತ ಭೂಮಿಯ ಸರಾಸರಿ ಉಷ್ಣತೆ ಮಧ್ಯಮ ಹೊರಸೂಸುವಿಕೆಯ ಎಸ್‌ಎಸ್‌ಪಿ 2-4.5 ಸನ್ನಿವೇಶದಲ್ಲಿ 2.7 ಡಿಗ್ರಿ (2.1ರಿಂದ 3.5), ಅತಿ ಹೆಚ್ಚು ಹೊರಸೂಸುವಿಕೆಯ ಎಸ್‌ಎಸ್‌ಪಿ 5-8.5ರಲ್ಲಿ 4.4 ಡಿಗ್ರಿ (3.3ರಿಂದ 5.7) ಹೆಚ್ಚುತ್ತದೆ. ಕಂಸದೊಳಗಿನ ಅಗಲ ಭೂಮಿ ಎಷ್ಟು ಪ್ರತಿಕ್ರಿಯಿಸುತ್ತದೆ ಎಂಬುದರ ಅನಿಶ್ಚಿತತೆ. 2.7ಕ್ಕೂ 4.4ಕ್ಕೂ ನಡುವಿನ ಅಂತರ ಮನುಷ್ಯರು ಏನು ಮಾಡುತ್ತಾರೆ ಎಂಬುದರದು. ಎರಡನ್ನೂ ಒಟ್ಟು ಸೇರಿಸಿ ‘2ರಿಂದ 6 ಡಿಗ್ರಿ’ ಎಂದರೆ ವಿಜ್ಞಾನಿಗಳಿಗೇ ಏನೂ ಗೊತ್ತಿಲ್ಲ ಎಂಬಂತೆ ಕೇಳುತ್ತದೆ. ನಕ್ಷೆಯಲ್ಲಿ ಇವೆರಡನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಬಹುದೇ?

ಇದಕ್ಕೆ ಸೇರಿದ್ದು: ಸನ್ನಿವೇಶಗಳಿಗೆ ಐಪಿಸಿಸಿ ಸಂಭಾವ್ಯತೆ ಹಚ್ಚುವುದಿಲ್ಲ. ಎಸ್‌ಎಸ್‌ಪಿ 5-8.5ರಷ್ಟು ಕಲ್ಲಿದ್ದಲು ಸುಡುವುದು ಈಗ ಸಂಭವವಲ್ಲ ಎಂದು ಹಲವರು ವಾದಿಸುತ್ತಾರೆ. ಹಾಗಿದ್ದೂ ಅದನ್ನೇ ‘ಎಂದಿನಂತೆ ನಡೆದರೆ’ ಎಂದು ಕರೆಯುವುದು ಸರಿಯೇ? ತಮ್ಮ ಸ್ವಂತ ಅಭಿಪ್ರಾಯ ಹೇಳಿ, ಅಭಿಪ್ರಾಯವೆಂದೇ ಹೇಳಿ.

ಪ್ರಶ್ನೆ 2. ಕೊಳೆರೋಗದ ಔಷಧಿ ಹೊಡೆಯಲು ಮೂರರಲ್ಲಿ ಯಾವುದನ್ನು ನೋಡಬೇಕು?

ಇದನ್ನು ತೋಟಗಾರರೊಬ್ಬರು ಕೇಳುತ್ತಾರೆ. ಶೇ. 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಮೊದಲ ಸಲ ಮುಂಗಾರು ಹಿಡಿಯುವ ಮುನ್ನ, ಎರಡನೆಯದು ಸುಮಾರು 40–45 ದಿನದ ಮೇಲೆ. ಎರಡನೆಯದಕ್ಕೆ ಹೊಳವು ಸಿಗುವುದೇ ಕಷ್ಟ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರೂ ಆ ದಿನವೇ ಸಿಗಬೇಕು. ಹೊಡೆದ ಬೆನ್ನಿಗೇ ಜೋರು ಮಳೆ ಬಿದ್ದರೆ ಔಷಧಿ ತೊಳೆದು ಹೋಗುತ್ತದೆ.

ನಮ್ಮ ಲೆಕ್ಕದಲ್ಲಿ ದಿನ ಗೊತ್ತು ಮಾಡಲು ಬೇಕಾದದ್ದು ಮೂರರಿಂದ ಐದು ದಿನದ ಮುನ್ಸೂಚನೆ. ಆಳು ಹೊಂದಿಸಲು ಹವಾಮಾನ ಇಲಾಖೆ ಗುರುವಾರ ಕೊಡುವ ನಾಲ್ಕು ವಾರದ ನೋಟ. ಏಪ್ರಿಲ್‌ನಲ್ಲಿ ಬರುವ ಮುಂಗಾರಿನ ಮುನ್ಸೂಚನೆ ಇಡೀ ದೇಶದ ಜೂನ್–ಸೆಪ್ಟೆಂಬರ್ ಮೊತ್ತದ ಮಾತು: 87 ಸೆಂ.ಮೀ. ಸರಾಸರಿಯ ಶೇ. ಇಷ್ಟು, ಶೇ. 5 ಹೆಚ್ಚುಕಡಿಮೆ. ಅದರಿಂದ ಶಿರಸಿಯ ಜುಲೈ ಹೇಗೆ ಎಂದು ಓದಲು ಬರುವುದಿಲ್ಲ. ಇನ್ನು 2050ರ ಮುನ್ನೋಟದಲ್ಲಿ ತಾರೀಖೇ ಇಲ್ಲ. ಹಾಗಾದರೆ ಅದು ಯಾವ ತೀರ್ಮಾನಕ್ಕೆ ಉಪಯೋಗ? ಬಸಿಗಾಲುವೆಯ ಅಳತೆಗೋ, ಬೇಸಿಗೆಯ ನೀರಿನ ಕೆರೆಗೋ, ಈಗ ನೆಟ್ಟರೆ ಮೂವತ್ತು ನಲವತ್ತು ವರ್ಷ ನಿಲ್ಲುವ ಸಸಿಯ ಆಯ್ಕೆಗೋ? ಒಂದೊಂದಕ್ಕೂ ಹೌದು ಅಥವಾ ಅಲ್ಲ ಎಂದು ಹೇಳಿ.

‘ನಾಳಿನ ಮಳೆಯನ್ನೇ ಹೇಳಲಾಗದವರು 2050ರದ್ದು ಹೇಗೆ ಹೇಳುತ್ತಾರೆ’ ಎಂಬ ಮಾತು ಸಭೆಯಲ್ಲಿ ಎದ್ದೇ ಏಳುತ್ತದೆ. ಜುಲೈ 14ಕ್ಕೆ ಮಳೆಯೇ ಎಂದು ಜನವರಿಯಲ್ಲಿ ಯಾರೂ ಹೇಳಲಾರರು. ಜುಲೈ ಜನವರಿಗಿಂತ ಒದ್ದೆ ಎಂದು ಎಲ್ಲರಿಗೂ ಗೊತ್ತು. ಮೊದಲನೆಯದು ಇವತ್ತಿನ ಸ್ಥಿತಿಯಿಂದ ಹೊರಡುವ ಲೆಕ್ಕ, ಎರಡನೆಯದು ಸೂರ್ಯನ ಶಾಖ ಹಾಕಿಕೊಟ್ಟ ಮಿತಿಯ ಲೆಕ್ಕ. ಇಲ್ಲಿಂದ ಶುರುಮಾಡಿದರೆ ಎಲ್ಲರಿಗೂ ತಿಳಿಯುತ್ತದೆ.

ಪ್ರಶ್ನೆ 3. ಕಾರವಾರ, ಶಿರಸಿ ಎರಡೂ ಒಂದೇ ಚೌಕದೊಳಗಿದ್ದರೆ?

ಜಾಗತಿಕ ಮಾದರಿ ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. ಒಂದು ಚೌಕ ಸಾಧಾರಣವಾಗಿ 100 ಕಿ.ಮೀ. ಅಗಲ. ಕಾರವಾರದಿಂದ ಶಿರಸಿಗೆ ನೇರ ಅಳತೆಯಲ್ಲಿ ಸುಮಾರು 80 ಕಿ.ಮೀ. ಕಡಲು, ಬೇಲೆ, ಘಟ್ಟ, ಘಟ್ಟದ ಮೇಲಿನ ತೋಟ ಎಲ್ಲವೂ ಒಂದೇ ಚೌಕದೊಳಗೆ ಬರಬಹುದು. ಮೋಡ ಘಟ್ಟಕ್ಕೆ ತಾಗಿ ಏರಿ ಸುರಿಯುವುದರಿಂದಲೇ ಇಲ್ಲಿ ಮಳೆ. ಮಾದರಿಯೊಳಗೆ ಘಟ್ಟ ತಗ್ಗಾಗಿ ಹರಡಿದ್ದರೆ ಮಳೆಯೂ ತಪ್ಪು ಜಾಗಕ್ಕೆ ಹೋಗುತ್ತದೆ. 50 ಅಥವಾ 25 ಕಿ.ಮೀ. ಚೌಕದ ಪ್ರಾದೇಶಿಕ ಮಾದರಿ ಇದನ್ನು ಸುಧಾರಿಸುತ್ತದೆ, ಆದರೆ ಗಡಿಯಲ್ಲಿ ಅದಕ್ಕೆ ಗಾಳಿ, ತೇವ ಕೊಡುವುದು ಅದೇ ಜಾಗತಿಕ ಮಾದರಿ. ಅಲ್ಲಿ ಮುಂಗಾರಿನ ಗಾಳಿಯೇ ತಪ್ಪಿದ್ದರೆ ಇಲ್ಲಿ ಸಿಗುವುದು ಅದೇ ತಪ್ಪಿನ ಸ್ಪಷ್ಟ ಚಿತ್ರ.

ತಾಲೂಕುವಾರು ಬಣ್ಣ ಬಳಿದ ನಕ್ಷೆ ತೋರಿಸುವುದಾದರೆ ನಾಲ್ಕು ವಿಷಯ ಹೇಳಿ: ಎಷ್ಟು ಮಾದರಿ, ಹೋಲಿಕೆಗೆ ಯಾವ ಆಧಾರ ಅವಧಿ, ದೋಷ ತಿದ್ದುಪಡಿ ಹೇಗೆ ಮಾಡಿದ್ದು, ಕಳೆದ 30 ವರ್ಷದ ಅಳತೆಯ ಮಳೆಗೆ ಅದು ಎಷ್ಟು ಹೊಂದಿತು.

ಪ್ರಶ್ನೆ 4. ಮುಂಗಾರು ಇಳಿದದ್ದು ಅಳತೆ, ಏರುವುದು ಮುನ್ನೋಟ. ಎರಡೂ ನಿಜವೇ?

ಭೂವಿಜ್ಞಾನ ಸಚಿವಾಲಯದ 2020ರ ವರದಿಯಂತೆ 1951ರಿಂದ 2015ರ ನಡುವೆ ಭಾರತದ ಮುಂಗಾರು ಮಳೆ ಸುಮಾರು ಶೇ. 6 ಇಳಿದಿದೆ. ಎದ್ದು ಕಾಣುವಷ್ಟು ಇಳಿದ ಜಾಗಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಅದೇ ಹೊತ್ತಿಗೆ ಮಾದರಿಗಳು ಶತಮಾನದ ಕೊನೆಗೆ ಮುಂಗಾರು ಏರುತ್ತದೆ ಎನ್ನುತ್ತವೆ. ಹೊಗೆ, ಧೂಳಿನ ಕಣಗಳು ಬಿಸಿಲನ್ನು ತಡೆದು ಮುಂಗಾರನ್ನು ಕುಗ್ಗಿಸಿದವು, ಹಸಿರುಮನೆ ಅನಿಲ ಹಿಗ್ಗಿಸುತ್ತದೆ ಎಂಬುದು ವಿವರಣೆ. ಹಾಗಾದರೆ ಮುಂದಿನ 20 ವರ್ಷದ ಉತ್ತರ ಹೊಗೆ ಎಷ್ಟು ಬೇಗ ಕಡಿಮೆಯಾಗುತ್ತದೆ ಎಂಬ ಸನ್ನಿವೇಶದ ಮೇಲೇ ನಿಂತಿಲ್ಲವೇ? ಒಂದು ಡಿಗ್ರಿಗೆ ಗಾಳಿ ಸುಮಾರು ಶೇ. 7 ಹೆಚ್ಚು ತೇವ ಹಿಡಿಯುತ್ತದೆ ಎಂಬುದು ಭೌತಶಾಸ್ತ್ರ. ಇಡೀ ಋತುವಿನ ಮಳೆ ಎಷ್ಟು ಎಂಬುದು ಗಾಳಿಯ ಹರಿವನ್ನೂ ಅವಲಂಬಿಸಿದೆ. ಮೊದಲನೆಯದರ ಭರವಸೆಯನ್ನು ಎರಡನೆಯದಕ್ಕೆ ಕಡ ಕೊಡಬಾರದು.

ಇಲ್ಲೇ ಐಪಿಸಿಸಿಯ ಭಾಷೆಯನ್ನೂ ಬಿಡಿಸಿಕೊಡಿ. ಅವರು ‘ಸಂಭವ’ ಎಂದರೆ ಶೇ. 66ಕ್ಕಿಂತ ಹೆಚ್ಚು, ‘ಬಹಳ ಸಂಭವ’ ಎಂದರೆ ಶೇ. 90ಕ್ಕಿಂತ ಹೆಚ್ಚು. ಆದರೆ ‘ಮಧ್ಯಮ ವಿಶ್ವಾಸ’ ಎಂದರೆ ಶೇ. 50 ಅಲ್ಲ. ಅದು ಸಾಕ್ಷ್ಯ ಎಷ್ಟಿದೆ, ಎಷ್ಟು ಒಮ್ಮತವಿದೆ ಎಂಬ ತೂಕ.

ಪ್ರಶ್ನೆ 5. ಒಂದೇ ಮಾದರಿ, ಒಂದೇ ಸನ್ನಿವೇಶ. ಆರಂಭದ ಗಾಳಿಯ ಉಷ್ಣತೆಯಲ್ಲಿ ಲೆಕ್ಕಕ್ಕೇ ಬಾರದಷ್ಟು ವ್ಯತ್ಯಾಸ ಮಾಡಿ ನಲವತ್ತು ಸಲ ಓಡಿಸಿದರೆ ಒಂದು ಪ್ರದೇಶದ 30 ವರ್ಷದ ಮಳೆ ಕೆಲವು ಓಟಗಳಲ್ಲಿ ಏರಬಹುದು, ಕೆಲವುಗಳಲ್ಲಿ ಇಳಿಯಬಹುದು. ಇಂಥ ಚಿತ್ರವೊಂದನ್ನು ತೋರಿಸಿ. ಮುಂದಿನ ಎರಡು ದಶಕದ ನಮ್ಮ ಮಳೆಗೆ ದೊಡ್ಡ ಅನಿಶ್ಚಿತತೆ ಓಟದಿಂದ ಓಟಕ್ಕೆ ಬರುವ ಈ ಏರಿಳಿತವೋ, ಮಾದರಿಗಳ ಭಿನ್ನತೆಯೋ, ಸನ್ನಿವೇಶವೋ?

ಪ್ರಶ್ನೆ 6. ಗಜನಿಯ ಒಡ್ಡು ಎಷ್ಟು ಎತ್ತರ?

ಅಘನಾಶಿನಿಯ ಅಳಿವೆಯಲ್ಲಿ ಕಗ್ಗ ಭತ್ತ ಉಪ್ಪು ತಡೆಯುತ್ತದೆ ನಿಜ, ಆದರೆ ಒಡ್ಡು ಒಡೆದು ಉಪ್ಪುನೀರು ನಿಂತರೆ ಅದಕ್ಕೂ ಮಿತಿ ಇದೆ. ಐಪಿಸಿಸಿ ಪ್ರಕಾರ 1995–2014ಕ್ಕಿಂತ 2100ಕ್ಕೆ ಜಗತ್ತಿನ ಸಮುದ್ರಮಟ್ಟ ಎಸ್‌ಎಸ್‌ಪಿ 2-4.5ರಲ್ಲಿ 44ರಿಂದ 76 ಸೆಂ.ಮೀ., ಎಸ್‌ಎಸ್‌ಪಿ 5-8.5ರಲ್ಲಿ 63ರಿಂದ 101 ಸೆಂ.ಮೀ. ಏರುತ್ತದೆ. ಹಿಮಹಾಸುಗಳ ಕುಸಿತ ಸರಿಯಾಗಿ ಅರ್ಥವಾಗಿಲ್ಲವಾದ್ದರಿಂದ ಅತಿ ಹೆಚ್ಚು ಹೊರಸೂಸುವಿಕೆಯಲ್ಲಿ 2 ಮೀಟರ್ ಹತ್ತಿರ ಹೋಗುವುದನ್ನೂ ತಳ್ಳಿಹಾಕಲಾಗದು ಎಂದು ವರದಿ ಸೇರಿಸುತ್ತದೆ. ಈ 2 ಮೀಟರ್ ಮುನ್ಸೂಚನೆಯಲ್ಲ, ಮುನ್ನೋಟದ ಮಧ್ಯದ ಅಂಕಿಯೂ ಅಲ್ಲ. ಕಡಿಮೆ ವಿಶ್ವಾಸದ, ಹಾನಿ ದೊಡ್ಡದಾದ ಸಾಧ್ಯತೆ. ಒಡ್ಡಿಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕೇ, ಆಸ್ಪತ್ರೆ ಅಥವಾ ಬಂದರಿಗೆ ಹಿಡಿಯಬೇಕೇ?

2050ಕ್ಕೆ ಬಂದರೆ ಅತಿ ಕಡಿಮೆ ಹೊರಸೂಸುವಿಕೆಯ ಮಧ್ಯದ ಅಂಕಿ ಸುಮಾರು 18 ಸೆಂ.ಮೀ., ಅತಿ ಹೆಚ್ಚಿನದರದ್ದು ಸುಮಾರು 23. ಐದು ಸೆಂಟಿಮೀಟರ್ ಅಂತರ. ಅಂದರೆ 25 ವರ್ಷ ಬಾಳುವ ಒಡ್ಡಿಗೆ ಯಾವ ಸನ್ನಿವೇಶ ಎಂದು ಜಗಳವಾಡುತ್ತ ಕೂರಬೇಕಿಲ್ಲ ಎಂದು ನಮಗೆ ಅನ್ನಿಸುತ್ತದೆ. ಸರಿಯೇ? ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತ, ಚಂಡಮಾರುತದ ಅಲೆ, ಹೊಳೆಯ ನೆರೆ ಒಂದೇ ದಿನ ಕೂಡಿಬಂದರೆ ಎಷ್ಟು ಏರುತ್ತದೆ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ. ನೆಲ ತಗ್ಗುತ್ತಿದೆಯೋ ಇಲ್ಲವೋ ಎಂಬುದನ್ನೂ ಸೇರಿಸಬೇಕು. ಜಾಗತಿಕ ಸರಾಸರಿಯನ್ನು ನೇರ ಕುಮಟೆಯ ಒಡ್ಡಿಗೆ ತಂದಿಟ್ಟರೆ ತಪ್ಪಾಗುವುದು ಇಲ್ಲಿ.

ಪ್ರಶ್ನೆ 7. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಭಾರಿ ಮಳೆ ಹೆಚ್ಚುತ್ತದೆ ಎಂಬ ಮುನ್ನೋಟ, ಆ ವಾರದ ಮಳೆಯ ಮುನ್ಸೂಚನೆ, ಇಂಥ ಗುಡ್ಡ ಕುಸಿಯುತ್ತದೆ ಎಂಬ ಎಚ್ಚರಿಕೆ: ಮೂರೂ ಬೇರೆ ಬೇರೆ ಕೆಲಸ. ಹೆದ್ದಾರಿಗಾಗಿ ಕಡಿದ ಇಳಿಜಾರು, ಮಣ್ಣಿನ ಆಳ, ನೀರು ಬಸಿಯುವ ದಾರಿ ಹವಾಮಾನ ಮಾದರಿಯೊಳಗೆ ಇರುವುದೇ ಇಲ್ಲ. ಇದನ್ನು ತಾವು ಸಭೆಯಲ್ಲಿ ಸ್ಪಷ್ಟವಾಗಿ ಹೇಳಬೇಕು, ‘ಹವಾಮಾನ ಬದಲಾವಣೆ’ ಎಂಬ ಒಂದೇ ಉತ್ತರದಲ್ಲಿ ಎಲ್ಲವೂ ಮುಚ್ಚಿಹೋಗಬಾರದು.

ಪ್ರಶ್ನೆ 8. ಭೂಮಿಯ ಬಿಸಿಗೆ ಹಾಕಿಕೊಂಡ ‘1.5 ಡಿಗ್ರಿ’ ಮಿತಿಯ ಲೆಕ್ಕ ಯಾವಾಗಿನಿಂದ? 1850–1900ರಿಂದ ಲೆಕ್ಕ ಹಾಕಿದರೆ 1995–2014ರ ಹೊತ್ತಿಗೇ ಸುಮಾರು 0.85 ಡಿಗ್ರಿ ಏರಿಯಾಗಿತ್ತು. ಪ್ರತಿ ನಕ್ಷೆಯಡಿ ಆಧಾರ ಅವಧಿ ಬರೆದಿರಲಿ.

ಪ್ರಶ್ನೆ 9. ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಕೊನೆಗೆ ಎಷ್ಟು ಬಿಸಿ ಎಂಬುದಕ್ಕೆ ಐಪಿಸಿಸಿಯ ಸಂಭವನೀಯ ವ್ಯಾಪ್ತಿ 2.5ರಿಂದ 4 ಡಿಗ್ರಿ. ಹೊಸ ತಲೆಮಾರಿನ ಕೆಲವು ಮಾದರಿಗಳು 5 ದಾಟುತ್ತವೆ. ಎಲ್ಲ ಮಾದರಿಗೂ ಒಂದು ವೋಟು ಕೊಟ್ಟು ಸರಾಸರಿ ತೆಗೆದರೆ ಫಲಿತಾಂಶ ಬಿಸಿಯ ಕಡೆಗೆ ವಾಲುತ್ತದೆ. ತಮ್ಮ ನಕ್ಷೆಗಳಲ್ಲಿ ತೂಕ ಹಾಕಿದ್ದೀರಾ?

ಪ್ರಶ್ನೆ 10. ಹಳೆಯ ಮುನ್ನೋಟಗಳನ್ನು ಪರೀಕ್ಷಿಸುವುದು ಹೇಗೆ?

ಅಮೆರಿಕದ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ 1988ರಲ್ಲಿ ಮೂರು ಸನ್ನಿವೇಶ ಕೊಟ್ಟಿದ್ದರು. ಮಧ್ಯದ್ದರ ಮುನ್ನೋಟ ನಿಜಕ್ಕಿಂತ ಹೆಚ್ಚು ಬಿಸಿ ತೋರಿಸಿತು. ತಪ್ಪಿದ್ದು ಹೆಚ್ಚಾಗಿ ಅನಿಲಗಳ ಊಹೆಯಲ್ಲಿ. 1970ರಿಂದ 2007ರವರೆಗಿನ 17 ಮುನ್ನೋಟಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಜವಾಗಿ ಹೊರಬಿದ್ದ ಅನಿಲಗಳ ಲೆಕ್ಕ ಹಾಕಿಕೊಂಡಾಗ 14 ಅಳತೆಗೆ ಹೊಂದಿದವು. ಮುನ್ನೋಟ ತಪ್ಪಿತು ಎನ್ನುವ ಮುನ್ನ ‘ರೆ’ ನಡೆಯಿತೇ ಎಂದು ನೋಡಬೇಕಷ್ಟೆ. ಉಷ್ಣತೆಯಲ್ಲಿ ಇದು ಸಾಧ್ಯವಾಯಿತು. ಒಂದು ಜಿಲ್ಲೆಯ ಮಳೆಗೆ ಇದೇ ಪರೀಕ್ಷೆ ಮಾಡಲು ಎಷ್ಟು ವರ್ಷದ ಅಳತೆ ಬೇಕು?

ಪ್ರಶ್ನೆ 11. ಕೊನೆಯದನ್ನು ವಿದ್ಯಾರ್ಥಿಯೊಬ್ಬರು ಕೇಳುತ್ತಾರೆ: ‘ರೆ’ ಇಲ್ಲದೆ ತಾವು ಹೇಳಬಲ್ಲ ಮಾತುಗಳು ಯಾವುವು? ಮನುಷ್ಯರಿಂದ ಭೂಮಿ ಬಿಸಿಯಾಗಿದೆ, ಸಮುದ್ರ ಇನ್ನೂ ಶತಮಾನಗಳ ಕಾಲ ಏರುತ್ತದೆ ಎಂಬ ಎರಡನ್ನು ಹಲಗೆಯ ಮೇಲೆ ನಾವೇ ಬರೆದಿಟ್ಟಿರುತ್ತೇವೆ. ಮೂರನೆಯದನ್ನು ತಾವು ಬರೆಯಿರಿ.